ನಡೆದರೆ ಗಂಟಲು ಬಿಗಿ, ನಿಂತರೆ ಸರಿ: ಇದು ಗ್ಯಾಸಾ, ಹೃದಯನಾ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ, ಊರು ಶಿವಮೊಗ್ಗ. ಒಂದೂವರೆ ತಿಂಗಳಿಂದ ಬೆಳಿಗ್ಗೆ ವಾಕಿಂಗ್ ಹೊರಟರೆ ಹತ್ತು ನಿಮಿಷಕ್ಕೆ ಗಂಟಲು ಹಿಡಿದ ಹಾಗೆ ಆಗುತ್ತದೆ, ಕೆಲವು ಸಲ ಎದೆಯ ಮೇಲ್ಗಡೆಯೂ ಬಿಗಿ. ನೋವು ಅಂತ ಹೇಳೋಕೆ ಆಗಲ್ಲ. ನಿಂತರೆ ಎರಡು ಮೂರು ನಿಮಿಷಕ್ಕೆ ಹೋಗುತ್ತದೆ. ಏರು ರಸ್ತೆಯಲ್ಲಿ ಬೇಗ ಬರುತ್ತದೆ. ಶುಗರ್ ಇದೆ, ಮಾತ್ರೆ ತಗೋತೀನಿ. ಹತ್ತಿರದ ಕ್ಲಿನಿಕ್‌ನಲ್ಲಿ ಇಸಿಜಿ ಮಾಡಿಸಿದೆ, ನಾರ್ಮಲ್ ಅಂದರು, ಗ್ಯಾಸ್ ಮಾತ್ರೆ ಕೊಟ್ಟರು. ಕಡಿಮೆ ಆಗಿಲ್ಲ. ಗಂಟಲಿನ ಡಾಕ್ಟರಿಗೆ ತೋರಿಸಲಾ, ಹಾರ್ಟ್ ಡಾಕ್ಟರಿಗಾ?

ಉತ್ತರ: ಹಾರ್ಟ್ ಡಾಕ್ಟರಿಗೆ. ಅದೂ ಮುಂದಿನ ತಿಂಗಳಲ್ಲ, ಈ ವಾರವೇ. ತೋರಿಸುವವರೆಗೆ ವಾಕಿಂಗ್ ನಿಲ್ಲಿಸಿ, ಏರು ಹತ್ತಬೇಡಿ, ಭಾರ ಎತ್ತಬೇಡಿ, ಊಟ ಮಾಡಿದ ತಕ್ಷಣ ಓಡಾಡಬೇಡಿ. ಮನೆಯೊಳಗೆ ನಿಧಾನವಾಗಿ ಅಡ್ಡಾಡುವುದಕ್ಕೆ ತೊಂದರೆಯಿಲ್ಲ. ಅಷ್ಟಕ್ಕೇ ಬಿಗಿ ಬಂದರೆ, ಅಥವಾ ಸುಮ್ನೆ ಕೂತಾಗ ಬಂದರೆ, ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆವತ್ತೇ ಆಸ್ಪತ್ರೆಗೆ ಹೋಗಬೇಕು.

ನಿಮ್ಮನ್ನು ಹೆದರಿಸಲು ಹೀಗೆ ಹೇಳುತ್ತಿಲ್ಲ. ನೀವು ಬರೆದದ್ದರಲ್ಲಿ ಮೂರು ವಿಷಯಗಳು ಒಟ್ಟಿಗೆ ಇವೆ. ಬಿಗಿತ ಇರುವುದು ಎದೆ ಅಥವಾ ಗಂಟಲಲ್ಲಿ. ಬರುವುದು ದೇಹಕ್ಕೆ ಶ್ರಮ ಆದಾಗ. ಹೋಗುವುದು ನಿಂತ ಕೆಲವೇ ನಿಮಿಷಗಳಲ್ಲಿ. ಈ ಮೂರೂ ಸೇರಿದಾಗ ನಾವು ಅದನ್ನು ಆಂಜೈನಾ ಎಂದೇ ಹಿಡಿದು ಹೊರಡುತ್ತೇವೆ, ಅಂದರೆ ಹೃದಯದ ಸ್ನಾಯುವಿಗೆ ಆ ಹೊತ್ತಿಗೆ ಬೇಕಾದಷ್ಟು ರಕ್ತ ಸಿಗುತ್ತಿಲ್ಲ ಎಂದು. ಅದು ಅಲ್ಲ ಎಂದು ತೋರಿಸುವ ಕೆಲಸ ಪರೀಕ್ಷೆಗಳದ್ದು. 54 ವರ್ಷ, ಶುಗರ್ ಬೇರೆ ಇದೆ ಅಂದಮೇಲೆ ಅನುಮಾನ ಇನ್ನೂ ಗಟ್ಟಿ. ನಮ್ಮ ಕಡೆಯ ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಯುರೋಪಿನವರಿಗಿಂತ ಸುಮಾರು ಐದರಿಂದ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ, ಹಾಗಾಗಿ "ನನಗಿನ್ನೂ ಅಷ್ಟು ವಯಸ್ಸಾಗಿಲ್ಲ" ಎಂಬ ಲೆಕ್ಕ ಇಲ್ಲಿ ಹಾಕಬೇಡಿ.

ಈ ಲಕ್ಷಣ ಹೊಸದೇನಲ್ಲ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಇದನ್ನು ತಮ್ಮ ಜೊತೆಯ ವೈದ್ಯರ ಮುಂದೆ ವಿವರಿಸಿದರು. ನಡೆಯುವಾಗ ಹಿಡಿದುಕೊಳ್ಳುತ್ತದೆ, ಅದರಲ್ಲೂ ಏರು ಹತ್ತುವಾಗ, ಊಟವಾದ ಸ್ವಲ್ಪ ಹೊತ್ತಿಗೆ. ನಿಂತ ಕೂಡಲೇ ಎಲ್ಲ ಮಾಯ. ಅವರ ಕೈಯಲ್ಲಿ ಇಸಿಜಿ ಇರಲಿಲ್ಲ, ಇದು ಹೃದಯದ ರಕ್ತನಾಳದಿಂದ ಬರುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ರೋಗಿಗಳನ್ನು "ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ" ಎಂದು ಕೇಳಿದ್ದರು, ಅಷ್ಟೇ. ಇವತ್ತಿಗೂ ಈ ಕಾಯಿಲೆಯನ್ನು ಹಿಡಿಯುವುದರಲ್ಲಿ ಅರ್ಧ ಕೆಲಸ ಆ ಪ್ರಶ್ನೆಯದ್ದೇ.

ನಡೆದಾಗಲೇ ಯಾಕೆ ಬರುತ್ತದೆ ಅಂತ ನೋಡೋಣ. ಕಾಲಿನ ಸ್ನಾಯು ಸುಮ್ಮನಿದ್ದಾಗ ತನಗೆ ಬರುವ ರಕ್ತದಿಂದ ಸ್ವಲ್ಪವೇ ಆಮ್ಲಜನಕ ತೆಗೆದುಕೊಳ್ಳುತ್ತದೆ, ಕೆಲಸ ಜಾಸ್ತಿ ಆದಾಗ ಅದೇ ರಕ್ತದಿಂದ ಇನ್ನಷ್ಟು ಹೀರಿಕೊಳ್ಳುತ್ತದೆ. ಹೃದಯಕ್ಕೆ ಆ ಅನುಕೂಲ ಇಲ್ಲ. ನೀವು ಕುರ್ಚಿಯಲ್ಲಿ ಕೂತು ಪೇಪರ್ ಓದುವಾಗಲೇ ಅದು ತನ್ನ ಪಾಲಿಗೆ ಬಂದ ಆಮ್ಲಜನಕದಲ್ಲಿ ಸುಮಾರು ಮುಕ್ಕಾಲು ಭಾಗ ಬಳಸಿಬಿಟ್ಟಿರುತ್ತದೆ. ಇನ್ನೂ ಬೇಕು ಅಂದರೆ ಇರುವುದು ಒಂದೇ ದಾರಿ, ಹೆಚ್ಚು ರಕ್ತ ಹರಿದು ಬರಬೇಕು. ಆರೋಗ್ಯವಂತರಲ್ಲಿ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕೊರೊನರಿ ರಕ್ತನಾಳಗಳು ಹಿಗ್ಗಿ, ಸುಮ್ಮನಿದ್ದಾಗಿನ ನಾಲ್ಕು ಪಟ್ಟಿನಷ್ಟು ರಕ್ತ ಕೊಡಬಲ್ಲವು. ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಅರ್ಧಕ್ಕಿಂತ ಜಾಸ್ತಿ ಕಿರಿದಾದಾಗ ಮೊದಲು ಕಳೆದುಹೋಗುವುದು ಈ ಹೆಚ್ಚುವರಿ ಶಕ್ತಿ. ಸುಮ್ಮನೆ ಕೂತಾಗ ಬೇಕಾದ ರಕ್ತ ಮಾತ್ರ ದಾರಿ ಬಹಳವೇ ಕಿರಿದಾಗುವವರೆಗೂ ಸರಿಯಾಗಿಯೇ ಬರುತ್ತಿರುತ್ತದೆ. ಅದಕ್ಕೇ ನೀವು ಮನೆಯಲ್ಲಿ ಆರಾಮಾಗಿರುತ್ತೀರಿ, ರಸ್ತೆಗೆ ಇಳಿದು ಬಿರುಸಾಗಿ ನಡೆದಾಗ ನಾಡಿ ಏರುತ್ತದೆ, ಬಿಪಿ ಏರುತ್ತದೆ, ಹೃದಯ ಹೆಚ್ಚು ಕೇಳುತ್ತದೆ, ಸಿಗುವುದಿಲ್ಲ. ನಿಂತಾಗ ಬೇಡಿಕೆ ಇಳಿಯುತ್ತದೆ, ಎರಡರಿಂದ ಐದು ನಿಮಿಷದಲ್ಲಿ ಬಿಗಿ ಸಡಿಲವಾಗುತ್ತದೆ.

ಇದೇ ಕಾರಣಕ್ಕೆ ಆಂಜೈನಾ ಇರುವವರಿಗೆ ಬಿಗಿ ಬರುವ ಜಾಗವೂ ಹೆಚ್ಚುಕಡಿಮೆ ಗೊತ್ತಿರುತ್ತದೆ. "ಆ ಗಣಪತಿ ಗುಡಿ ದಾಟಿದ ಮೇಲೆ", "ಮೂರನೇ ಕರೆಂಟ್ ಕಂಬದ ಹತ್ತಿರ" ಎಂದು ಹೇಳುತ್ತಾರೆ. ಹೃದಯದ ಕೆಲಸ ಒಂದು ಮಿತಿ ದಾಟಿದಾಗ ಅದು ಶುರುವಾಗುತ್ತದೆ, ಆ ಮಿತಿ ದಿನದಿಂದ ದಿನಕ್ಕೆ ಅಷ್ಟೇನೂ ಬದಲಾಗುವುದಿಲ್ಲ. ಏರು ರಸ್ತೆ, ಬೆಳಗಿನ ಚಳಿ ಗಾಳಿ, ಕೈಯಲ್ಲಿ ತರಕಾರಿ ಚೀಲ, ಹೊಟ್ಟೆ ತುಂಬ ತಿಂಡಿ, ನಡೆಯುತ್ತಲೇ ಫೋನಿನಲ್ಲಿ ಜಗಳ, ಇವೆಲ್ಲ ಆ ಮಿತಿಯನ್ನು ಬೇಗ ಮುಟ್ಟಿಸುತ್ತವೆ. ಏರಿನಲ್ಲಿ ಬೇಗ ಬರುತ್ತದೆ ಎಂದು ನೀವು ಬರೆದ ಒಂದು ಸಾಲು, ಉಳಿದೆಲ್ಲಕ್ಕಿಂತ ಹೆಚ್ಚು ನನ್ನನ್ನು ಹೃದಯದ ಕಡೆ ನೋಡುವಂತೆ ಮಾಡಿತು. ಗಂಟಲಿನ ಕಾಯಿಲೆಗೆ ರಸ್ತೆ ಏರೋ ಸಮತಟ್ಟೋ ಗೊತ್ತಾಗುವುದಿಲ್ಲ ಅಲ್ವಾ?

ಇನ್ನು ಕೆಲವರು "ಮೊದಲು ಹಿಡಿಯುತ್ತದೆ, ನಿಲ್ಲದೆ ನಡೆದರೆ ಬಿಟ್ಟುಹೋಗುತ್ತದೆ, ಹಾಗಾಗಿ ಹೃದಯ ಇರಲಾರದು" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಥರದ ಆಂಜೈನಾ ಕೂಡ ಇದೆ. ನಡೆಯುತ್ತಾ ಹೋದಂತೆ ಬಿಗಿ ಕಡಿಮೆಯಾದರೂ ಹೃದಯ ಸರಿಯಿದೆ ಎಂದೇನೂ ಆಗುವುದಿಲ್ಲ. ದಯವಿಟ್ಟು ಹಾಗೆ ಪ್ರಯೋಗ ಮಾಡಲು ಹೋಗಬೇಡಿ.

ಹೃದಯದ ತೊಂದರೆ ಗಂಟಲಲ್ಲಿ ಯಾಕೆ ಕಾಣಿಸುತ್ತದೆ ಎಂಬುದು ಎಲ್ಲರಿಗೂ ಇರುವ ಅನುಮಾನ. ಹೃದಯದಿಂದ ಹೊರಟ ನರಗಳು ಬೆನ್ನುಹುರಿಯ ಮೇಲ್ಭಾಗವನ್ನು ಸೇರುತ್ತವೆ. ಎದೆ, ತೋಳಿನ ಒಳಭಾಗ ಇವುಗಳ ಚರ್ಮ ಮತ್ತು ಸ್ನಾಯುಗಳಿಂದ ಬರುವ ನರಗಳೂ ಅಲ್ಲಿಗೇ ಬರುತ್ತವೆ. ಹೃದಯದ ಇನ್ನೊಂದು ನರ, ವೇಗಸ್, ಕತ್ತಿನ ಮೂಲಕ ಮೇಲೆ ಹೋಗುತ್ತದೆ. ಅದು ಒಯ್ಯುವ ಸುದ್ದಿ ಕತ್ತು, ಗಂಟಲು, ದವಡೆಯ ಸುದ್ದಿಯ ಜೊತೆ ಬೆರೆಯುತ್ತದೆ. ಚರ್ಮದ ಮೇಲೆ ಸೂಜಿ ಚುಚ್ಚಿದರೆ ಜಾಗ ಸರಿಯಾಗಿ ಗೊತ್ತಾಗುವ ಮೆದುಳಿಗೆ ಹೃದಯದ ನೋವಿನ ಜಾಗ ಅಷ್ಟು ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಒಬ್ಬರಿಗೆ ಎದೆಯ ನಡುವೆ ಭಾರ ಇಟ್ಟ ಹಾಗೆ, ಇನ್ನೊಬ್ಬರಿಗೆ ಗಂಟಲು ಹಿಸುಕಿದ ಹಾಗೆ, ಮತ್ತೊಬ್ಬರಿಗೆ ಕೆಳದವಡೆ ಸೆಳೆತ, ಎಡಗೈ ಜೋಮು, ಎರಡು ಭುಜಗಳ ನಡುವೆ ನೋವು. ಕೆಲವರಿಗೆ, ಮುಖ್ಯವಾಗಿ ಹೆಂಗಸರಿಗೆ, ವಯಸ್ಸಾದವರಿಗೆ, ತುಂಬಾ ವರ್ಷದಿಂದ ಶುಗರ್ ಇರುವವರಿಗೆ, ಬಿಗಿಯೇ ಇಲ್ಲದೆ ಬರೀ ಏದುಸಿರು ಅಥವಾ ಕಾಲೆಳೆಯಲಾಗದ ಸುಸ್ತು ಇರುತ್ತದೆ. "ನೋವು ಅಂತ ಹೇಳೋಕೆ ಆಗಲ್ಲ" ಎಂಬ ನಿಮ್ಮ ಮಾತನ್ನು ಆಂಜೈನಾ ಇರುವ ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ನೋವಿದೆಯಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಬಿಗಿ, ಒತ್ತಡ, ಉರಿ, ಹಿಡಿತ ಏನಾದರೂ ಇದೆಯಾ ಎಂದು ಕೇಳಿದಾಗ ಮಾತು ಹೊರಗೆ ಬರುತ್ತದೆ.

ಈಗ ನಿಮ್ಮ ಇಸಿಜಿ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಹೆಚ್ಚು ಎಡವುವುದು ಇಲ್ಲೇ. ಇಸಿಜಿ ತೆಗೆಯುವಾಗ ನಿಮ್ಮನ್ನು ಮಂಚದ ಮೇಲೆ ಮಲಗಿಸಿ, ಅಲ್ಲಾಡಬೇಡಿ ಎನ್ನುತ್ತಾರೆ. ಆ ಹತ್ತು ಸೆಕೆಂಡಿನಲ್ಲಿ ನಿಮ್ಮ ಹೃದಯಕ್ಕೆ ಬೇಕಾದಷ್ಟು ರಕ್ತ ಬರುತ್ತಿದೆ, ಮೇಲೆ ಹೇಳಿದ ಹಾಗೆ. ಕೊರತೆಯೇ ಇಲ್ಲದ ಹೊತ್ತಲ್ಲಿ ಕೊರತೆ ಕಾಣುವುದಾದರೂ ಹೇಗೆ? ನಡೆದಾಗ ಮಾತ್ರ ಆಂಜೈನಾ ಬರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಲಗಿ ತೆಗೆದ ಇಸಿಜಿ ಪೂರ್ತಿ ನಾರ್ಮಲ್ ಇರುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಕೂಡ ಹಾಗೆಯೇ. ಹೃದಯದ ಗೋಡೆ, ಕವಾಟ, ಪಂಪ್ ಮಾಡುವ ಶಕ್ತಿ ಎಲ್ಲ ಚೆನ್ನಾಗಿ ಕಾಣಬಹುದು, ಯಾಕೆಂದರೆ ಮಾಮೂಲಿ ಎಕೋದಲ್ಲಿ ಕೊರೊನರಿ ರಕ್ತನಾಳದ ಒಳಗಿನ ದಾರಿ ಕಾಣುವುದಿಲ್ಲ. 2025ರ ಜೂನ್, ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದ್ದು ನಿಮಗೂ ನೆನಪಿರಬಹುದು. ಏನೂ ತೊಂದರೆ ಇಲ್ಲದವರು ಭಯಕ್ಕೆ ಇಸಿಜಿ ಮಾಡಿಸಿಕೊಂಡರೆ ನಷ್ಟವೇನಿಲ್ಲ. ಆದರೆ ನಡೆದಾಗ ಬಿಗಿ ಬರುವವರು "ಇಸಿಜಿ ನಾರ್ಮಲ್" ಎಂಬ ಚೀಟಿ ಹಿಡಿದು ನೆಮ್ಮದಿಯಿಂದ ಮನೆಗೆ ಹೋಗುವುದು ನನಗೆ ತುಂಬಾ ಕಳವಳ ತರುತ್ತದೆ. ಮಲಗಿದಾಗಿನ ಇಸಿಜಿಯಲ್ಲಿ ಬದಲಾವಣೆ ಇದ್ದರೆ ಅದು ಉಪಯೋಗದ ಸುದ್ದಿ. ಇಲ್ಲದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗಲ್ಲ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ, ಯಾರೆಂದು ಗುರುತು ಸಿಗದ ಹಾಗೆ. ಅವರು ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಿದ್ದರು, ವಯಸ್ಸು ಐವತ್ತೇಳು. ಗಂಟಲಿನ ಕೆಳಗೆ ಮತ್ತು ಎರಡೂ ಕಡೆಯ ಕೆಳದವಡೆಯಲ್ಲಿ ಬಿಗಿ. ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಒಂದು ದವಡೆ ಹಲ್ಲು ಕೀಳಿಸಿಕೊಂಡರು. ಬಿಗಿ ಹೋಗಲಿಲ್ಲ. ಗಂಟಲಿಗೆ ಕೊಳವೆ ಹಾಕಿ ನೋಡಿಸಿಕೊಂಡರು, ಸ್ವಲ್ಪ ಕೆಂಪಗಿದೆ, ಆಸಿಡ್ ಮೇಲೆ ಬರುತ್ತಿರಬೇಕು ಎಂದು ಮಾತ್ರೆ ಕೊಟ್ಟರು. ಅವರ ಗಂಟಲು ನಿಜಕ್ಕೂ ಸ್ವಲ್ಪ ಕೆಂಪಗಿತ್ತು. ಇಂಥ ಸಣ್ಣಪುಟ್ಟದ್ದು ಹುಡುಕಿದರೆ ಬಹಳ ಜನರಲ್ಲಿ ಸಿಗುತ್ತದೆ, ಸಿಕ್ಕಿದ್ದೇ ಕಾರಣ ಎಂದು ಅಂದುಕೊಳ್ಳುವುದರಲ್ಲಿ ಅಸಲಿ ಕಾರಣ ತಪ್ಪಿಹೋಗುತ್ತದೆ. ತಿಂಗಳುಗಟ್ಟಲೆ ಮಾತ್ರೆ ನುಂಗಿದರು.

ಎಲ್ಲಿ ಬಿಗಿ ಬರುತ್ತದೆ ಎಂದು ಎಲ್ಲರೂ ಕೇಳಿದ್ದರು, ಯಾವಾಗ ಎಂದು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು ಇಷ್ಟು: ಶಾಲೆಯ ಮೆಟ್ಟಿಲ ಮೇಲೆ ನೀರಿನ ಕೊಡ ಹೊತ್ತು ಹತ್ತುವಾಗ ಬರುತ್ತದೆ, ಮೇಲೆ ಹೋಗಿ ಕಟ್ಟೆ ಮೇಲೆ ಕೂತರೆ ಹೋಗುತ್ತದೆ, ಗಂಟೆಗಟ್ಟಲೆ ಕೂತು ತರಕಾರಿ ಹೆಚ್ಚಿದರೂ ಬರುವುದಿಲ್ಲ, ಅನ್ನ ನುಂಗುವಾಗ ಏನೂ ಇಲ್ಲ. ಇಸಿಜಿ ನಾರ್ಮಲ್, ಎಕೋ ನಾರ್ಮಲ್. ರಕ್ತ ಪರೀಕ್ಷೆಯಲ್ಲಿ ಅವರಿಗೇ ಗೊತ್ತಿಲ್ಲದ ಶುಗರ್ ಸಿಕ್ಕಿತು, ಹಿಮೋಗ್ಲೋಬಿನ್ ಸರಿಯಿತ್ತು. ಟ್ರೆಡ್‌ಮಿಲ್ ಮೇಲೆ ನಡೆಸುವ ಟಿಎಂಟಿ ಪರೀಕ್ಷೆ ಮಾಡಿದೆವು. ಅದರಲ್ಲಿ ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, ಆಮೇಲಿನ ಮೂರು ನಿಮಿಷ 4 ಕಿಲೋಮೀಟರ್, ಪಟ್ಟಿ ಶುರುವಿನಿಂದಲೇ ಏರಾಗಿರುತ್ತದೆ. ಎರಡನೇ ಹಂತ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರು ಗಂಟಲು ಹಿಡಿದುಕೊಂಡು "ಇದೇ, ಇದೇ" ಅಂದರು. ಅದೇ ಹೊತ್ತಿಗೆ ಇಸಿಜಿಯ ಎಸ್‌ಟಿ ಗೆರೆ ಎರಡು ಮಿಲಿಮೀಟರ್ ಕೆಳಗೆ ಇಳಿದಿತ್ತು, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂಬ ಗುರುತು ಅದು. ತಕ್ಷಣ ನಿಲ್ಲಿಸಿದೆವು. ಗಂಟಲು ಬೇಗ ಸರಿಹೋಯಿತು, ಗೆರೆ ಮೇಲೆ ಬರಲು ಇನ್ನೂ ಹೊತ್ತು ಹಿಡಿಯಿತು. ಆಂಜಿಯೋಗ್ರಾಮ್‌ನಲ್ಲಿ ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಶುರುವಿನಲ್ಲೇ ತೊಂಬತ್ತು ಭಾಗ ಕಿರಿದಾಗಿತ್ತು. ಸ್ಟೆಂಟ್ ಹಾಕಲಾಯಿತು, ಮಾತ್ರೆ ಶುರುವಾಯಿತು. ಆಮೇಲೆ ಅವರ ಗಂಟಲು ಹಿಡಿಯಲೇ ಇಲ್ಲ.

ಹಾಗಂತ ಗಂಟಲು, ಎದೆ ಬಿಗಿಯೆಲ್ಲ ಹೃದಯದ್ದೇ ಅಲ್ಲ. ಆಸಿಡ್ ಮೇಲೆ ಬರುವುದಾದರೆ ಸಾಮಾನ್ಯವಾಗಿ ಹುಳಿ, ಉರಿ ಇರುತ್ತದೆ, ಊಟ ಮಾಡಿ ಬಗ್ಗಿದಾಗ, ಮಲಗಿದಾಗ ಜಾಸ್ತಿ, ನಿಂತು ಓಡಾಡಿದರೆ ಎಷ್ಟೋ ಸಲ ಹಿತ. ಗಂಟಲಲ್ಲಿ ಉಂಡೆ ಇದ್ದ ಹಾಗೆ ಇಡೀ ದಿನ ಅನಿಸುವುದು, ಎಂಜಲು ನುಂಗುವಾಗ ಗೊತ್ತಾಗಿ ಊಟ ಮಾಡುವಾಗ ಮರೆತುಹೋಗುವುದು, ನಡಿಗೆಗೂ ಅದಕ್ಕೂ ಸಂಬಂಧವೇ ಇಲ್ಲದಿರುವುದು, ಇದು ಬಹಳ ಮಟ್ಟಿಗೆ ಹೃದಯದ್ದಲ್ಲ. ಶ್ರಮದಿಂದ ಬರುವ ಆಸ್ತಮಾದಲ್ಲಿ ಎದೆ ಬಿಗಿಯುತ್ತದೆ ನಿಜ, ಆದರೆ ಅದು ನಡಿಗೆ ನಿಲ್ಲಿಸಿದ ಐದು ಹತ್ತು ನಿಮಿಷದಲ್ಲೇ ಹೆಚ್ಚು ಜೋರಾಗುತ್ತದೆ, ಜೊತೆಗೆ ಕೆಮ್ಮು, ಸುಯ್ ಎನ್ನುವ ಉಸಿರು. ಆಂಜೈನಾ ನಿಂತ ಕೂಡಲೇ ಇಳಿಯತೊಡಗುತ್ತದೆ. ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವು, ಒತ್ತಿದರೆ ಹೆಚ್ಚು, ಪಕ್ಕಕ್ಕೆ ತಿರುಗಿದರೆ ಹೆಚ್ಚು ಅಂದರೆ ಅದು ಬಹುಶಃ ಪಕ್ಕೆಲುಬು ಅಥವಾ ಸ್ನಾಯುವಿನದ್ದು.

ಮೋಸ ಮಾಡುವ ಗುರುತುಗಳೂ ಇವೆ. ತೇಗು ಬಂದಮೇಲೆ ಹಗುರಾಯಿತು ಎನ್ನುತ್ತಾರೆ. ನೀವು ನಿಂತಿರಿ, ತೇಗಿದಿರಿ, ಬಿಗಿ ಹೋಯಿತು. ಹೋದದ್ದು ನಿಂತದ್ದಕ್ಕೆ, ಹೆಸರು ಬಂದದ್ದು ತೇಗಿಗೆ. ಆಸಿಡ್ ಔಷಧಿ ಕುಡಿದು ಹತ್ತು ನಿಮಿಷದಲ್ಲಿ ಸರಿಹೋಯಿತು ಎಂಬುದೂ ಹಾಗೆಯೇ. ಇನ್ನೊಂದು ಕಡೆ, ನಾಲಿಗೆ ಕೆಳಗೆ ಇಡುವ ಆಂಜೈನಾ ಮಾತ್ರೆ ಸಾರ್ಬಿಟ್ರೇಟ್‌ನಿಂದ ಹೋಯಿತು, ಹಾಗಾಗಿ ಹೃದಯದ್ದೇ ಎಂದೂ ಹೇಳಲಾಗುವುದಿಲ್ಲ, ಅನ್ನನಾಳ ಸೆಟೆದುಕೊಂಡಿದ್ದರೂ ಅದರಿಂದ ಸಡಿಲವಾಗುತ್ತದೆ. ಮಾತ್ರೆ ಕೊಟ್ಟು ನೋಡಿ ತೀರ್ಮಾನಿಸುವ ಕಾಯಿಲೆ ಇದಲ್ಲ.

ಡಾಕ್ಟರ್ ಮೊದಲು ನಿಮ್ಮ ಬಿಪಿ ನೋಡಿ, ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತಾರೆ. ಅದು ಬರೀ ಶಾಸ್ತ್ರಕ್ಕಲ್ಲ. ಹೃದಯದಿಂದ ಹೊರಗೆ ಹೋಗುವ ಮಹಾಪಧಮನಿಯ ಕವಾಟ ಕಿರಿದಾಗಿದ್ದರೂ ನಡೆದಾಗ ಇದೇ ಥರದ ಬಿಗಿ ಬರುತ್ತದೆ, ಕೆಲವರಿಗೆ ನಡೆಯುವಾಗ ಕಣ್ಣು ಕತ್ತಲೆ ಬಂದು ಬೀಳುವುದೂ ಉಂಟು. ಅದರ ಸದ್ದು ಕಿವಿಗೆ ಸಿಗುತ್ತದೆ, ಎಕೋದಲ್ಲಿ ಸ್ಪಷ್ಟವಾಗುತ್ತದೆ. ಅದು ಜೋರಾಗಿ ಇರುವವರನ್ನು ಸುಮ್ನೆ ಟ್ರೆಡ್‌ಮಿಲ್ ಹತ್ತಿಸುವುದು ಅಪಾಯ. ಹಿಮೋಗ್ಲೋಬಿನ್ ತೀರಾ ಕಡಿಮೆ ಇದ್ದರೆ, ಥೈರಾಯ್ಡ್ ಜೋರಾಗಿದ್ದರೆ, ಸ್ವಲ್ಪ ಕಿರಿದಾದ ನಾಳವೂ ತೊಂದರೆ ಕೊಡಲು ಶುರುಮಾಡುತ್ತದೆ, ಅದಕ್ಕೇ ಆ ರಕ್ತ ಪರೀಕ್ಷೆಗಳು.

ಆಮೇಲೆ ಟಿಎಂಟಿ ಅಥವಾ ಸಿಟಿ ಆಂಜಿಯೋಗ್ರಾಮ್. ಯಾವುದು ಎಂಬುದನ್ನು ನಿಮ್ಮನ್ನು ನೋಡಿದ ಡಾಕ್ಟರ್ ಹೇಳಬೇಕು. ಟಿಎಂಟಿ ಖರ್ಚು ಕಡಿಮೆ, ಸಣ್ಣ ಊರಲ್ಲೂ ಸಿಗುತ್ತದೆ, ಎಷ್ಟು ಶ್ರಮಕ್ಕೆ ತೊಂದರೆ ಬರುತ್ತದೆ ಎಂದು ಕಣ್ಣಿಗೇ ತೋರಿಸುತ್ತದೆ. ಆದರೆ ಅದು ಕಾಯಿಲೆ ಇರುವ ಎಷ್ಟೋ ಜನರನ್ನು ತಪ್ಪಿಸಿಬಿಡುತ್ತದೆ. ರಿಪೋರ್ಟ್‌ನಲ್ಲಿ "ನೆಗೆಟಿವ್" ಎಂಬ ಪದ ಮಾತ್ರ ನೋಡಬೇಡಿ, ನಾಡಿ ಎಲ್ಲಿಯವರೆಗೆ ಏರಿತ್ತು ಎಂದು ನೋಡಿ. 220ರಿಂದ ವಯಸ್ಸು ಕಳೆದು, ಅದರಲ್ಲಿ ಶೇಕಡ 85ರಷ್ಟಾದರೂ ಮುಟ್ಟಬೇಕು ಎಂಬುದು ರೂಢಿ. ನಿಮ್ಮ ಲೆಕ್ಕದಲ್ಲಿ 166, ಅದರ ಶೇಕಡ 85 ಅಂದರೆ 141. ಕಾಲು ನೋವೆಂದು ನೀವು 115ಕ್ಕೇ ನಿಲ್ಲಿಸಿದ್ದರೆ ಆ ನೆಗೆಟಿವ್‌ನಿಂದ ಏನೂ ತೀರ್ಮಾನವಾಗುವುದಿಲ್ಲ. ಸಿಟಿ ಆಂಜಿಯೋಗ್ರಾಮ್ ರಕ್ತನಾಳದ ದಾರಿಯನ್ನೇ ತೋರಿಸುತ್ತದೆ, ಅದು ಶುಭ್ರವಾಗಿದ್ದರೆ ದೊಡ್ಡ ನಾಳಗಳ ಬ್ಲಾಕ್ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅದಕ್ಕೆ ಬಣ್ಣದ ಔಷಧಿ ಕೊಡುವುದರಿಂದ ಮೊದಲು ಕಿಡ್ನಿ ಪರೀಕ್ಷೆ ಆಗಬೇಕು, ಶುಗರ್‌ಗೆ ಯಾವ ಮಾತ್ರೆ ತಗೋತೀರಿ ಎಂದೂ ತಪ್ಪದೆ ಹೇಳಿ. ದೊಡ್ಡ ನಾಳಗಳು ಶುಭ್ರವಾಗಿದ್ದೂ ನಡೆದಾಗ ಬಿಗಿ ನಿಜವಾಗಿ ಹೃದಯದಿಂದಲೇ ಬರುವವರೂ ಇದ್ದಾರೆ, ಹೆಂಗಸರಲ್ಲಿ ಹೆಚ್ಚು. ಅಲ್ಲಿ ತೊಂದರೆ ಇರುವುದು ಆಂಜಿಯೋಗ್ರಾಮ್‌ನಲ್ಲಿ ಕಾಣದಷ್ಟು ಸಣ್ಣ ನಾಳಗಳಲ್ಲಿ. ಅಂಥವರಿಗೆ "ನಿಮಗೇನಿಲ್ಲ, ಟೆನ್ಶನ್ ಅಷ್ಟೇ" ಎಂದು ಹೇಳಿ ಕಳಿಸುವುದು ಅನ್ಯಾಯ, ಅದಕ್ಕೂ ಔಷಧಿ ಇದೆ.

ಇನ್ನು ಯಾವಾಗ ಓಡಬೇಕು ಎಂಬ ವಿಷಯ. ಇಷ್ಟೇ ದೂರಕ್ಕೆ ಬಂದು, ನಿಂತರೆ ಹೋಗುವ, ತಿಂಗಳುಗಳಿಂದ ಬದಲಾಗದ ಆಂಜೈನಾ ಒಂದು ಥರ. ಅದರಲ್ಲಿ ನಾಳ ಕಿರಿದಾಗಿದೆ, ಆದರೆ ಒಳಗಿನ ಕೊಬ್ಬಿನ ಗಡ್ಡೆಯ ಮೇಲ್ಪದರ ಗಟ್ಟಿಯಾಗಿದೆ. ಆ ಪದರ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟತೊಡಗುತ್ತದೆ, ದಾರಿ ಗಂಟೆಗಳಲ್ಲಿ, ಕೆಲವು ಸಲ ನಿಮಿಷಗಳಲ್ಲಿ ಕಿರಿದಾಗುತ್ತದೆ. ಹೊರಗೆ ಅದು ಕಾಣುವುದು ಹೀಗೆ: ಹತ್ತು ನಿಮಿಷಕ್ಕೆ ಬರುತ್ತಿದ್ದದ್ದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಬರುತ್ತದೆ, ದಿನಕ್ಕೊಮ್ಮೆ ಇದ್ದದ್ದು ನಾಲ್ಕು ಸಲ ಆಗುತ್ತದೆ, ನಿಂತರೂ ಬೇಗ ಹೋಗುವುದಿಲ್ಲ, ಕೂತಾಗ ಅಥವಾ ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ನಿಮ್ಮದು ಒಂದೂವರೆ ತಿಂಗಳ ಹೊಸ ಆಂಜೈನಾ. ಹೊಸದು ಯಾವ ಕಡೆ ತಿರುಗುತ್ತದೆ ಎಂದು ಹೇಳಲಾಗುವುದಿಲ್ಲ, ಈ ವಾರವೇ ಎಂದು ಮೊದಲ ಸಾಲಲ್ಲೇ ಹೇಳಿದ್ದು ಅದಕ್ಕೆ.

ಸುಮ್ಮನಿದ್ದಾಗ ಬಂದ ಬಿಗಿ, ಅಥವಾ ಕೂತು ವಿಶ್ರಾಂತಿ ತಗೊಂಡು ಹತ್ತು ನಿಮಿಷವಾದರೂ ಹೋಗದ ಬಿಗಿ, ಅಥವಾ ಬಿಗಿಯ ಜೊತೆಗೆ ತಣ್ಣನೆ ಬೆವರು, ವಾಂತಿ, ತಲೆ ಸುತ್ತು, ಉಸಿರು ಸಾಲದಿರುವುದು, ಇದರಲ್ಲಿ ಯಾವುದಿದ್ದರೂ 108ಕ್ಕೆ ಫೋನ್ ಮಾಡಿ. ಬೈಕ್ ಹತ್ತಿ ಒಬ್ಬರೇ ಹೋಗಬೇಡಿ, ಮಗನ ಹಿಂದೆ ಕೂತೂ ಹೋಗಬೇಡಿ. ಆಸ್ಪಿರಿನ್ ಅಲರ್ಜಿ ಇಲ್ಲ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತಿಲ್ಲ ಅಂದರೆ 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಅಗಿದು ನುಂಗಿ. ಮನೆಯಲ್ಲಿ ಇರುವುದು 75ರ ಮಾತ್ರೆ ಆದರೆ ನಾಲ್ಕು. ಸಾರ್ಬಿಟ್ರೇಟ್ ನಿಮಗೇ ಎಂದು ಡಾಕ್ಟರ್ ಬರೆದುಕೊಟ್ಟಿದ್ದರೆ ಮಾತ್ರ, ಕೂತುಕೊಂಡು ನಾಲಿಗೆ ಕೆಳಗೆ ಇಡಿ. ಪಕ್ಕದ ಮನೆಯವರದ್ದು ಬೇಡ. ಅದು ಬಿಪಿಯನ್ನು ಇಳಿಸುತ್ತದೆ. ನಿಂತು ತಗೊಂಡು ಬಿದ್ದು ತಲೆಗೆ ಪೆಟ್ಟಾದವರಿದ್ದಾರೆ, ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್, ಟಡಲಾಫಿಲ್ ಥರದ ಮಾತ್ರೆ ತಗೊಂಡ ಗಂಡಸರಿಗಂತೂ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯಬಹುದು. ಆ ಮಾತ್ರೆ ತಗೊಂಡಿದ್ದರೆ ನಾಚಿಕೆ ಬಿಟ್ಟು ಹೇಳಿ. ದೊಡ್ಡ ಊರು ದೂರ ಇದ್ದರೆ ಅಲ್ಲಿಯವರೆಗೆ ಹೋಗುವ ಹಟ ಬೇಡ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅಲ್ಲಿ ಇಸಿಜಿ ತೆಗೆದು ತಜ್ಞರಿಗೆ ತೋರಿಸಿ, ಹೃದಯಾಘಾತ ಆಗಿದ್ದು ಬೇಕೆನಿಸಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಬ್ಲಾಕ್ ಸಿಕ್ಕಿದರೆ ಸ್ಟೆಂಟ್ ಖಂಡಿತ ಎಂದು ನೀವು ಈಗಲೇ ಹೆದರಿಕೊಂಡಿರಬಹುದು. ಹಾಗೇನಿಲ್ಲ. ನಡೆದಾಗ ಮಾತ್ರ ಬರುವ, ಬದಲಾಗದೆ ಇರುವ ಆಂಜೈನಾದವರ ಮೇಲೆ ನಡೆದ ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು, ಅದರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಇದ್ದರು. ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ, ಮೊದಲು ಒಳ್ಳೆಯ ಮಾತ್ರೆಗಳನ್ನೇ ನಂಬಿದವರಿಗೂ ಸಾವು, ಹೃದಯಾಘಾತದಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆಂಜೈನಾ ಜೋರಾಗಿದ್ದವರಿಗೆ ಸ್ಟೆಂಟ್‌ನಿಂದ ಬಿಗಿ ಹೆಚ್ಚು ಕಡಿಮೆಯಾಯಿತು, ಅದೂ ಸಣ್ಣ ವಿಷಯವಲ್ಲ. ಎಡಗಡೆಯ ಮುಖ್ಯ ನಾಳವೇ ಕಿರಿದಾದವರು, ಹೃದಯದ ಪಂಪ್ ತೀರಾ ದುರ್ಬಲವಾದವರು ಆ ಅಧ್ಯಯನದಲ್ಲಿ ಇರಲಿಲ್ಲ, ಅವರ ಲೆಕ್ಕ ಬೇರೆ. ಹಾಗಾಗಿ ಬ್ಲಾಕ್ ಶೇಕಡ ಎಷ್ಟು ಎಂಬುದಕ್ಕಿಂತ ಅದು ಯಾವ ನಾಳದಲ್ಲಿ ಇದೆ, ಎಷ್ಟು ಶ್ರಮಕ್ಕೆ ಬಿಗಿ ಬರುತ್ತದೆ, ಮಾತ್ರೆ ತಗೊಂಡ ಮೇಲೂ ಬರುತ್ತಿದೆಯಾ ಎಂದು ನಿಮ್ಮ ಡಾಕ್ಟರ ಹತ್ತಿರ ಕೂತು ಕೇಳಿ.

ಸ್ಟೆಂಟ್ ಹಾಕಲಿ ಬಿಡಲಿ ಮಾತ್ರೆ ಮಾತ್ರ ತಪ್ಪುವುದಿಲ್ಲ. ಆಸ್ಪಿರಿನ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಸ್ಟಾಟಿನ್ ಕೊಲೆಸ್ಟ್ರಾಲ್ ಇಳಿಸಿ ಆ ಗಡ್ಡೆಯ ಪದರ ಬಿರಿಯದ ಹಾಗೆ ನೋಡಿಕೊಳ್ಳುತ್ತದೆ, ಅದಕ್ಕೇ ಕೊಲೆಸ್ಟ್ರಾಲ್ ನಾರ್ಮಲ್ ಬಂತು ಎಂದು ಅದನ್ನು ನಿಲ್ಲಿಸಬಾರದು. ಮೆಟೊಪ್ರೊಲಾಲ್ ಥರದ ಮಾತ್ರೆ ನಡೆದಾಗ ನಾಡಿ ಜಾಸ್ತಿ ಏರದ ಹಾಗೆ ಹಿಡಿಯುತ್ತದೆ, ಇದನ್ನು ಹೇಳದೆ ಕೇಳದೆ ತಟ್ಟನೆ ಬಿಟ್ಟರೆ ಆಂಜೈನಾ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ಬೀಡಿ, ಸಿಗರೇಟು, ಹೊಗೆಸೊಪ್ಪು ಇದ್ದರೆ ಅವತ್ತೇ ಬಿಡಬೇಕು.

ನಡಿಗೆಯನ್ನು ಶಾಶ್ವತವಾಗಿ ಬಿಡಬೇಕಿಲ್ಲ. ಪರೀಕ್ಷೆ ಮುಗಿದು ಔಷಧಿ ಹೊಂದಿಕೊಂಡ ಮೇಲೆ ಡಾಕ್ಟರೇ ಮತ್ತೆ ನಡೆಯಲು ಹೇಳುತ್ತಾರೆ. ಆಗ ಸಮತಟ್ಟಾದ ರಸ್ತೆ ಆರಿಸಿಕೊಳ್ಳಿ, ಮೊದಲ ಐದು ಹತ್ತು ನಿಮಿಷ ನಿಧಾನ, ಆಮೇಲೆ ವೇಗ. ತಿಂಡಿ ತಿಂದ ಒಂದೆರಡು ಗಂಟೆಯೊಳಗೆ ಬೇಡ. ಬಿಗಿ ಶುರುವಾದರೆ ಆ ಕ್ಷಣವೇ ನಿಂತು, ಜಾಗವಿದ್ದರೆ ಕೂತುಕೊಳ್ಳಿ. ನಾಲಿಗೆ ಕೆಳಗೆ ಇಡಲು ಬರೆದುಕೊಟ್ಟ ಮಾತ್ರೆ ಮನೆಯ ಡಬ್ಬಿಯಲ್ಲಿ ಇದ್ದರೆ ಪ್ರಯೋಜನವಿಲ್ಲ, ಜೇಬಿನಲ್ಲಿರಲಿ, ಜೊತೆಗೆ ಒಬ್ಬರಾದರೂ ಇರಲಿ.